ಮಾರಾಟವೂ ಏರುಪೇರು, ಲಾರಿಯೂ ಏರುಪೇರು: ಮರು ಆರ್ಡರ್ ಮಟ್ಟ ಲೆಕ್ಕ ಹಾಕುವ ಕ್ರಮ

ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕೆಲವು ಅಂಗಡಿಗಳ ಲೆಕ್ಕಪುಸ್ತಕ ನೋಡುವ ಕೆಲಸ ನನ್ನದು. ಎಲ್ಲ ಕಡೆಯೂ ಒಂದೇ ದೂರು: "ಮಾಷ್ಟ್ರೇ, ನೀವು ಹೇಳಿದ ಸೂತ್ರ ಹಾಕಿದೆ, ಆದರೂ ಮಾಲು ಮುಗಿಯುತ್ತದೆ." ಹೋಗಿ ನೋಡಿದರೆ ಸೂತ್ರ ತಪ್ಪಿರುವುದಿಲ್ಲ. ಮಾರಾಟದ ಏರುಪೇರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು, ಮಾಲು ಬರುವ ದಿನಗಳ ಏರುಪೇರನ್ನು ಬಿಟ್ಟಿರುತ್ತಾರೆ. ಇಲ್ಲವಾದರೆ ಎರಡನ್ನೂ ಸೇರಿಸುವ ರೀತಿ ತಪ್ಪಿರುತ್ತದೆ.

ಬದಿಯಡ್ಕ ಸಮೀಪದ ಒಂದು ಹಿಂಡಿ ಅಂಗಡಿಯ ಲೆಕ್ಕವನ್ನೇ ಇಲ್ಲಿ ಮೊದಲಿನಿಂದ ಕೊನೆಯವರೆಗೆ ಮಾಡೋಣ. ಮಾಲು 50 ಕಿಲೋದ ಪಶು ಆಹಾರದ ಗೋಣಿ. ಘಟ್ಟದ ಮೇಲಿನ ಗಿರಣಿಯಿಂದ ಮಂಗಳೂರಿನ ಸಗಟು ವ್ಯಾಪಾರಿಗೆ ಬಂದು, ಅಲ್ಲಿಂದ ತಲಪಾಡಿ ದಾಟಿ, ಕುಂಬಳೆಯಲ್ಲಿ ಒಳಗೆ ತಿರುಗಿ ಬರಬೇಕು. ಒಂದು ಆರ್ಡರಿಗೆ 150 ಗೋಣಿ.

ಎರಡು ಪದ ಸ್ಪಷ್ಟವಿರಲಿ. ದಾಸ್ತಾನು ಎಷ್ಟಕ್ಕೆ ಇಳಿದಾಗ ಮುಂದಿನ ಆರ್ಡರ್ ಕೊಡಬೇಕೋ ಅದು ಮರು ಆರ್ಡರ್ ಮಟ್ಟ. ಆರ್ಡರ್ ಕೊಟ್ಟ ಮೇಲೆ ಲಾರಿ ಬರುವವರೆಗೆ ಸರಾಸರಿ ಖರ್ಚಾಗುವುದಕ್ಕಿಂತ ಹೆಚ್ಚಾಗಿ ಇಟ್ಟುಕೊಳ್ಳುವ ಭಾಗ ಸೇಫ್ಟಿ ಸ್ಟಾಕ್.

## ಬೇಕಾದ ಸಾಮಗ್ರಿ

ಎರಡು ತಿಂಗಳ ದಿನವಹಿ ಮಾರಾಟ, ಕೊನೆಯ ಹತ್ತು ಆರ್ಡರುಗಳ ತಾರೀಕು, ವರ್ಗಮೂಲ ಬರುವ ಕ್ಯಾಲ್ಕುಲೇಟರ್ ಅಥವಾ ಮೊಬೈಲಿನ ಸ್ಪ್ರೆಡ್‌ಶೀಟ್. ಇಷ್ಟು ಸಾಕು. ಖರೀದಿ ಬಿಲ್ಲುಗಳನ್ನು ಮಾರಾಟದ ಲೆಕ್ಕವೆಂದು ಬಳಸಬೇಡಿ. ನೀವು ಎಷ್ಟು ತರಿಸಿದಿರಿ ಎಂಬುದು ಅಲ್ಲಿರುತ್ತದೆ, ಗಿರಾಕಿಗಳು ಯಾವ ದಿನ ಎಷ್ಟು ಕೇಳಿದರು ಎಂಬುದು ಇರುವುದಿಲ್ಲ.

## ಹಂತ 1: ಮಾರಾಟದ ಪಟ್ಟಿಯನ್ನು ಶುಚಿ ಮಾಡಿ

ನಮ್ಮ ಅಂಗಡಿಯ ಎರಡು ತಿಂಗಳ ಪಟ್ಟಿಯಲ್ಲಿ 50 ಕೆಲಸದ ದಿನಗಳಿದ್ದವು. ಅವುಗಳಲ್ಲಿ ನಾಲ್ಕು ದಿನ ಮಾರಾಟ ಸೊನ್ನೆ. ವಿಚಾರಿಸಿದರೆ ಆ ನಾಲ್ಕೂ ದಿನ ಗೋದಾಮು ಖಾಲಿಯಿತ್ತು. ಗಿರಾಕಿಗಳು ಬಂದು, ಇಲ್ಲ ಎನ್ನಿಸಿಕೊಂಡು, ಮುಂದಿನ ಅಂಗಡಿಗೆ ಹೋಗಿದ್ದಾರೆ.

ಈ ಸೊನ್ನೆಗಳನ್ನು ಹಾಗೆಯೇ ಇಟ್ಟರೆ ದಿನದ ಸರಾಸರಿ 11 ಗೋಣಿ ಬರುತ್ತದೆ. ತೆಗೆದು 46 ದಿನಕ್ಕೆ ಲೆಕ್ಕ ಹಾಕಿದರೆ 12. ಮಾಲು ಮುಗಿದದ್ದರಿಂದ ಸರಾಸರಿ ಇಳಿದು, ಇಳಿದ ಸರಾಸರಿಯಿಂದ ಕಡಿಮೆ ತರಿಸಿ, ಮತ್ತೆ ಮಾಲು ಮುಗಿಯುವ ಸುಳಿ ಶುರುವಾಗುವುದು ಇಲ್ಲಿಯೇ. ಅರ್ಧ ದಿನದಲ್ಲಿ ಮುಗಿದಿದ್ದರೆ ಆ ದಿನವನ್ನೂ ತೆಗೆದುಬಿಡಿ. ಸ್ಪ್ರೆಡ್‌ಶೀಟಿನಲ್ಲಿ ಅಂಥ ದಿನದ ಕೋಶವನ್ನು ಖಾಲಿ ಬಿಡಬೇಕು, 0 ಹಾಕಬಾರದು. ಖಾಲಿ ಕೋಶವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಸೊನ್ನೆಯನ್ನು ತೆಗೆದುಕೊಳ್ಳುತ್ತದೆ. ಮಾಲಿದ್ದೂ ಯಾರೂ ಬಾರದ ದಿನವಾದರೆ ಮಾತ್ರ 0 ಸರಿ.

ಇನ್ನು ಏರುಪೇರು. ಶುಚಿಯಾದ ಪಟ್ಟಿಯಲ್ಲಿ ಒಂದು ದಿನ 5 ಗೋಣಿ, ಹಾಲಿನ ದುಡ್ಡು ಕೈಗೆ ಬಂದ ದಿನ 20, ಹೀಗೆ ಇತ್ತು. ಇದರ ಮಾನಕ ವಿಚಲನೆ 4 ಗೋಣಿ. ಸರಾಸರಿಯ ಆಚೀಚೆ ದಿನಗಳು ಎಷ್ಟು ಚೆದುರಿವೆ ಎಂಬುದರ ಅಳತೆ ಅದು. ಶಾಲೆಯಲ್ಲಿ ಕಲಿತ ಅದೇ ಲೆಕ್ಕ.

## ಹಂತ 2: ಕಾಯುವ ದಿನಗಳನ್ನು ಸರಿಯಾದ ತುದಿಯಿಂದ ಅಳೆಯಿರಿ

ಮಾಲು ಬರಲು ಎಷ್ಟು ದಿನ ಎಂದು ಕೇಳಿದರೆ ಅಂಗಡಿ ಧಣಿ ಮೂರು ದಿನ ಎಂದರು. ಸಗಟು ವ್ಯಾಪಾರಿ ಫೋನಿನಲ್ಲಿ ಅವರಿಗೆ ಹೇಳುವ ಮಾತದು. ಪುಸ್ತಕದ ತಾರೀಕುಗಳು ಬೇರೆಯೇ ಹೇಳಿದವು.

ಎಣಿಕೆ ಶುರುವಾಗಬೇಕಾದದ್ದು ಆರ್ಡರ್ ಕೊಡಬೇಕಾದ ಮಟ್ಟಕ್ಕೆ ದಾಸ್ತಾನು ಇಳಿದ ದಿನದಿಂದ, ಮುಗಿಯಬೇಕಾದದ್ದು ಗೋಣಿ ಇಳಿಸಿ ಮಾರಲು ಸಿದ್ಧವಾದ ದಿನಕ್ಕೆ. ನೋಡಿದ ಮೇಲೆ ಫೋನ್ ಮಾಡಲು ತಡವಾದ ಒಂದು ದಿನ, ಹಳೆ ಬಾಕಿ ಕಟ್ಟಿದ ಮೇಲೆಯೇ ಲೋಡು ಎಂದು ತಡೆದ ಒಂದು ದಿನ, ಲಾರಿ ತುಂಬಲು ಬೇರೆ ಅಂಗಡಿಗಳ ಆರ್ಡರಿಗೆ ಕಾದದ್ದು, ಇಳಿಸುವವರಿಗಾಗಿ ಕಾದದ್ದು, ಎಲ್ಲವೂ ಇದರೊಳಗೇ ಬರುತ್ತವೆ. ಮಾಲು ಎರಡು ಕಂತಿನಲ್ಲಿ ಬಂದರೆ ಹೆಚ್ಚಿನ ಭಾಗ ಬಂದ ದಿನವನ್ನು ಬರೆದುಕೊಳ್ಳಿ.

ಇನ್ನೊಂದು ಎಚ್ಚರ. ಮಾರಾಟವನ್ನು ಅಂಗಡಿ ತೆರೆದ ದಿನಗಳಲ್ಲಿ ಎಣಿಸಿದ್ದರೆ ಕಾಯುವುದನ್ನೂ ಹಾಗೆಯೇ ಎಣಿಸಬೇಕು. ಮಾರಾಟದಲ್ಲಿ ಆದಿತ್ಯವಾರ ಬಿಟ್ಟು ಕಾಯುವುದರಲ್ಲಿ ಸೇರಿಸಿದರೆ ಲೆಕ್ಕ ಸದ್ದಿಲ್ಲದೆ ಉಬ್ಬುತ್ತದೆ.

ಹತ್ತು ಆರ್ಡರುಗಳಿಗೆ ಸಿಕ್ಕ ದಿನಗಳು: 3, 4, 4, 5, 3, 6, 4, 9, 5, 7. ಒಟ್ಟು 50, ಸರಾಸರಿ 5 ದಿನ. ವಿಚಲನೆಗೆ, ಪ್ರತಿಯೊಂದೂ 5ರಿಂದ ಎಷ್ಟು ದೂರ ಎಂದು ನೋಡಿ, ಅದನ್ನು ವರ್ಗ ಮಾಡಿ ಕೂಡಿಸಿದರೆ 32. ಹತ್ತು ಸಂಖ್ಯೆಗಳಾದ್ದರಿಂದ ಒಂದು ಕಡಿಮೆ ಮಾಡಿ 9ರಿಂದ ಭಾಗಿಸಿ, ವರ್ಗಮೂಲ ತೆಗೆದರೆ 1.89 ದಿನ.

## ಹಂತ 3: ಎರಡು ಏರುಪೇರುಗಳನ್ನು ಕೂಡಿಸಿ

ಹೆಚ್ಚಿನವರು ಎಡವುವ ಜಾಗ ಇದೇ. ನಿಧಾನವಾಗಿ ನೋಡೋಣ.

ಮೊದಲು ಲಾರಿ ಕರಾರುವಾಕ್ಕಾಗಿ ಐದನೆಯ ದಿನವೇ ಬರುತ್ತದೆ ಎಂದುಕೊಳ್ಳಿ. ಆಗ ಮಾರಾಟದ ಏರುಪೇರು ಒಂದೇ ಚಿಂತೆ. ಐದು ದಿನಗಳ ಏರುಪೇರು ಒಂದು ದಿನದ್ದರ ಐದು ಪಟ್ಟು ಆಗುವುದಿಲ್ಲ, ಯಾಕೆಂದರೆ ಇವತ್ತು ಹೆಚ್ಚು ಹೋದರೆ ನಾಳೆ ಕಡಿಮೆ ಹೋಗಿ ಸ್ವಲ್ಪ ಸರಿದೂಗುತ್ತದೆ. ಹಾಗಾಗಿ ವರ್ಗಗಳನ್ನು ಕೂಡಿಸಬೇಕು: ದಿನಕ್ಕೆ 4ರ ವರ್ಗ 16, ಐದು ದಿನಕ್ಕೆ 80.

ಈಗ ಮಾರಾಟ ದಿನಾ ತಪ್ಪದೆ 12 ಗೋಣಿ, ಲಾರಿ ಮಾತ್ರ ಹಿಂದೆ ಮುಂದೆ ಎಂದುಕೊಳ್ಳಿ. ಒಂದು ದಿನ ತಡವಾದರೆ 12 ಗೋಣಿ ಹೆಚ್ಚು ಬೇಕು. ಏರುಪೇರು 1.89 ದಿನ ಎಂದರೆ ಗೋಣಿಯಲ್ಲಿ ಸುಮಾರು 22.6. ಅದರ ವರ್ಗ 512.

ಎರಡನ್ನೂ ಕೂಡಿಸಿ, 80 + 512 = 592. ವರ್ಗಮೂಲ 24.3 ಗೋಣಿ. ಲಾರಿಗಾಗಿ ಕಾಯುವ ಅವಧಿಯಲ್ಲಿ ಬೇಡಿಕೆ ಎಷ್ಟು ಚೆದುರುತ್ತದೆ ಎಂಬುದರ ಪೂರ್ತಿ ಅಳತೆ ಇದು.

ಸ್ಪ್ರೆಡ್‌ಶೀಟಿನಲ್ಲಿ A ಕಾಲಮ್ಮಿನಲ್ಲಿ ಮಾರಾಟ, C ಕಾಲಮ್ಮಿನಲ್ಲಿ ಕಾದ ದಿನಗಳು ಇದ್ದರೆ ಏಳು ಸಾಲಿನಲ್ಲಿ ಮುಗಿಯುತ್ತದೆ:

```
F1: =AVERAGE(A2:A51)
F2: =STDEV.S(A2:A51)
F3: =AVERAGE(C2:C11)
F4: =STDEV.S(C2:C11)
F5: =SQRT(F3*F2^2+F1^2*F4^2)
F6: =1.65*F5
F7: =F1*F3+F6
```

F6 ಸೇಫ್ಟಿ ಸ್ಟಾಕ್, F7 ಮರು ಆರ್ಡರ್ ಮಟ್ಟ. ನಮ್ಮ ಅಂಗಡಿಗೆ F6 ಸುಮಾರು 40 ಗೋಣಿ. ಕಾಯುವಾಗಿನ ಸರಾಸರಿ ಮಾರಾಟ 12 × 5 = 60. ಆದ್ದರಿಂದ ಆರ್ಡರ್ ಕೊಡಬೇಕಾದದ್ದು 100 ಗೋಣಿ ಇದ್ದಾಗ. 1.65 ಎಲ್ಲಿಂದ ಬಂತು ಎಂಬುದು ಮುಂದಿನ ಹಂತದಲ್ಲಿ.

ನಾನು ಕಂಡ ತಪ್ಪುಗಳು ಮೂರು ಬಗೆಯವು. ಒಬ್ಬರು ಲಾರಿಯ ಏರುಪೇರನ್ನು ಬಿಟ್ಟೇಬಿಟ್ಟಿದ್ದರು. ಆಗ ಸೇಫ್ಟಿ ಸ್ಟಾಕ್ 15 ಗೋಣಿ, ಮಟ್ಟ 75. ಇನ್ನೊಬ್ಬರು ಎರಡಕ್ಕೂ ಬೇರೆ ಬೇರೆ ಸೇಫ್ಟಿ ಸ್ಟಾಕ್ ಲೆಕ್ಕ ಹಾಕಿ ನೇರವಾಗಿ ಕೂಡಿಸಿದ್ದರು, 52 ಬಂದಿತ್ತು. ಹಾಗೆ ಕೂಡಿಸಿದರೆ ಲಾರಿ ತಡವಾದಾಗಲೆಲ್ಲ ಮಾರಾಟವೂ ಜೋರಾಗಿಯೇ ಇರುತ್ತದೆ ಎಂದು ಒಪ್ಪಿಕೊಂಡಂತೆ. ಮೂರನೆಯವರು ಅತಿ ಹೆಚ್ಚು ಮಾರಿದ ದಿನವನ್ನು ಅತಿ ತಡವಾದ ಲಾರಿಯಿಂದ ಗುಣಿಸಿದ್ದರು: 20 × 9 = 180. ಒಂಬತ್ತೂ ದಿನ ಹಾಲಿನ ದುಡ್ಡು ಬರುವ ದಿನವೇ ಆದರೆ ಸರಿ! ಮಳೆಗಾಲದಲ್ಲಿ ಅಷ್ಟು ಗೋಣಿ ಅಟ್ಟಿ ಹಾಕಿದರೆ ಕೆಳಗಿನವು ಬೂಷ್ಟು ಹಿಡಿಯುವುದು ಖಂಡಿತ.

592ರೊಳಗೆ 512 ಲಾರಿಯದ್ದು, ಮಾರಾಟದ್ದು ಬರೀ 80 ಎಂಬುದನ್ನೂ ಗಮನಿಸಿ. ಗಿರಾಕಿಗಳ ಬೇಡಿಕೆಯನ್ನು ಹೇಗೋ ಅರ್ಧ ಸ್ಥಿರ ಮಾಡಿದರೂ, ಅಂದರೆ ವಿಚಲನೆ 4ರಿಂದ 2ಕ್ಕೆ ಇಳಿದರೂ, ಸೇಫ್ಟಿ ಸ್ಟಾಕ್ 40ರಿಂದ 38ಕ್ಕೆ ಇಳಿಯುತ್ತದೆ, ಅಷ್ಟೇ. ಲಾರಿಯ ವಿಚಲನೆಯನ್ನು ಒಂದು ದಿನಕ್ಕೆ ತಂದರೆ 25ಕ್ಕೆ ಇಳಿಯುತ್ತದೆ. ಎರಡು ದಿನ ಬೇಗ ಕಳಿಸಿ ಎಂದು ಸಗಟು ವ್ಯಾಪಾರಿಯೊಡನೆ ಜಗಳವಾಡುವ ಬದಲು, ಬುಧವಾರ ಎಂದರೆ ಬುಧವಾರವೇ ಕಳಿಸಿ ಎಂದು ಒಪ್ಪಿಸುವುದು ಸೇಫ್ಟಿ ಸ್ಟಾಕಿಗೆ ಹೆಚ್ಚು ಲಾಭ.

## ಹಂತ 4: ಎಷ್ಟು ಭದ್ರತೆ ಬೇಕೆಂದು ನಿರ್ಧರಿಸಿ

1.65 ಎಂಬುದು 95 ಶೇಕಡಾ ಭದ್ರತೆಯ ಗುಣಕ. 90 ಶೇಕಡಾಕ್ಕೆ 1.28, 98ಕ್ಕೆ 2.05, 99ಕ್ಕೆ 2.33. ನಮ್ಮ 24.3ರಿಂದ ಗುಣಿಸಿದರೆ ಸೇಫ್ಟಿ ಸ್ಟಾಕ್ ಕ್ರಮವಾಗಿ 31, 50, 57 ಗೋಣಿ. ಮೇಲೆ ಹೋದಂತೆ ಪ್ರತಿ ಶೇಕಡಾಕ್ಕೂ ಹೆಚ್ಚು ಹೆಚ್ಚು ಗೋಣಿ ಹಾಕಬೇಕಾಗುತ್ತದೆ.

95 ಶೇಕಡಾ ಎಂದರೆ ನೂರು ಗಿರಾಕಿಗಳಲ್ಲಿ 95 ಜನರಿಗೆ ಮಾಲು ಸಿಗುತ್ತದೆ ಎಂದಲ್ಲ. ನೂರು ಆರ್ಡರುಗಳಲ್ಲಿ 95 ಸಲ ಲಾರಿ ಬರುವವರೆಗೆ ಮಾಲು ಮುಗಿಯುವುದಿಲ್ಲ ಎಂದು. ಈ ಅಂಗಡಿ ವರ್ಷಕ್ಕೆ ಸುಮಾರು 3600 ಗೋಣಿ ಮಾರುತ್ತದೆ, ಒಂದು ಆರ್ಡರಿಗೆ 150ರಂತೆ 24 ಆರ್ಡರ್. ಅಂದರೆ ವರ್ಷಕ್ಕೆ ಒಂದು ಸಲ, ಅಪರೂಪಕ್ಕೆ ಎರಡು ಸಲ, ಮಾಲು ತೀರುತ್ತದೆ. ಅದೇ ಅಂಗಡಿ ವಾರಕ್ಕೆ ಒಂದರಂತೆ 52 ಆರ್ಡರ್ ಕೊಡುತ್ತಿದ್ದರೆ ಅದೇ 95 ಶೇಕಡಾದಲ್ಲಿ ಎರಡು ಮೂರು ಸಲ ತೀರುತ್ತದೆ. ಶೇಕಡಾ ನೋಡಬೇಡಿ, ವರ್ಷಕ್ಕೆ ಎಷ್ಟು ಸಲ ಇಲ್ಲವೆನ್ನುವುದನ್ನು ತಡೆದುಕೊಳ್ಳಬಲ್ಲಿರಿ ಎಂದು ಕೇಳಿಕೊಂಡು ಹಿಂದಕ್ಕೆ ಲೆಕ್ಕ ಹಾಕಿ.

## ಹಂತ 5: ಹಳೆಯ ಆರ್ಡರುಗಳ ಮೇಲೆ ಪರೀಕ್ಷಿಸಿ

ಈ ಹಂತವನ್ನು ಬಹುತೇಕ ಎಲ್ಲರೂ ಹಾರಿಸುತ್ತಾರೆ. ಸೂತ್ರವು ಚೆದುರುವಿಕೆ ಎರಡೂ ಕಡೆ ಒಂದೇ ರೀತಿ ಇದೆ ಎಂದು ನಂಬುತ್ತದೆ. ಲಾರಿ ಹಾಗಲ್ಲ. ಅದು ಎರಡು ದಿನ ಬೇಗ ಬರಬಹುದು, ತಡವಾದರೆ ನಾಲ್ಕು ದಿನವೂ ಆಗಬಹುದು.

ಹತ್ತು ಆರ್ಡರುಗಳಲ್ಲಿ ಒಂದೊಂದಕ್ಕೂ, ಕಾದ ದಿನಗಳಲ್ಲಿ ನಿಜವಾಗಿ ಎಷ್ಟು ಗೋಣಿ ಬೇಕಾಯಿತು ಎಂದು ಕೂಡಿಸಿ. ನಮಗೆ ಬಂದದ್ದು: 33, 52, 45, 58, 40, 69, 47, 113, 64, 81. ಮಟ್ಟ 75 ಇಟ್ಟಿದ್ದರೆ ಎರಡು ಸಲ ಮುಗಿಯುತ್ತಿತ್ತು. 100 ಇಟ್ಟರೂ ಒಂದು ಸಲ, ಆ ಒಂಬತ್ತು ದಿನದ ಲಾರಿಯಲ್ಲಿ, 13 ಗೋಣಿ ಕೊರತೆ. ಹತ್ತರಲ್ಲಿ ಒಂದು ಎಂದರೆ ಸೂತ್ರ ಹೇಳಿದ 5 ಶೇಕಡಾಕ್ಕಿಂತ ಹೆಚ್ಚು. ಹತ್ತೇ ಆರ್ಡರುಗಳಿಂದ ಖಡಾಖಂಡಿತವಾಗಿ ಏನೂ ಹೇಳಲಾಗದು, ಆದರೆ ಆ ಒಂಬತ್ತು ದಿನ ಯಾಕಾಯಿತು ಎಂದು ಕೇಳಲೇಬೇಕು.

ಅದು ಓಣಂ ವಾರ. ಇಳಿಸುವವರು ರಜೆಯಲ್ಲಿ, ಲಾರಿ ಎರಡು ದಿನ ಕುಂಬಳೆಯಲ್ಲೇ ನಿಂತಿತ್ತು. ಓಣಂ ಯಾವಾಗ ಎಂದು ಪಂಚಾಂಗ ನೋಡಿದರೆ ತಿಳಿಯುತ್ತದೆ. ಮೊದಲೇ ತಿಳಿದ ತಡವನ್ನು ಇಡೀ ವರ್ಷದ ಸೇಫ್ಟಿ ಸ್ಟಾಕಿನ ಮೇಲೆ ಹೇರುವ ಬದಲು, ಹಬ್ಬಕ್ಕೆ ಹತ್ತು ದಿನ ಮೊದಲು ಒಂದು ಆರ್ಡರ್ ಕೊಟ್ಟರಾಯಿತು. ಆ ಒಂದನ್ನು ತೆಗೆದು ಉಳಿದ ಒಂಬತ್ತು ಆರ್ಡರುಗಳಿಂದ ಲೆಕ್ಕ ಹಾಕಿದರೆ ಸರಾಸರಿ 4.56 ದಿನ, ವಿಚಲನೆ 1.33, ಸೇಫ್ಟಿ ಸ್ಟಾಕ್ 30, ಮಟ್ಟ 85.

ಹಬ್ಬಕ್ಕೆ ಮೊದಲು ನಿಜವಾಗಿಯೂ ಬೇಗ ಆರ್ಡರ್ ಕೊಡುವವರಿಗೆ ಮಾತ್ರ ಈ 85 ಸಲ್ಲುತ್ತದೆ. ನೋಡಲು ಚೆನ್ನಾಗಿಲ್ಲ ಎಂದು ದೊಡ್ಡ ಸಂಖ್ಯೆಯನ್ನು ಹೊಡೆದು ಹಾಕುವುದು ಮೋಸ. ನಮ್ಮ ಧಣಿಯನ್ನು ಕೇಳಿದೆ. "ಹಬ್ಬದ ಗಡಿಬಿಡಿಯಲ್ಲಿ ಅದೆಲ್ಲ ನೆನಪಾಗುವುದುಂಟಾ ಮಾರಾಯ್ರೇ?" ಎಂದರು. ಹಾಗಾಗಿ 100 ಎಂದೇ ಇಟ್ಟೆವು.

## ಹಂತ 6: ಮಟ್ಟವನ್ನು ಗೋದಾಮಿಗೆ ಇಳಿಸಿ

100ಕ್ಕೆ ಹೋಲಿಸಬೇಕಾದದ್ದು ಕಣ್ಣಿಗೆ ಕಾಣುವ ಗೋಣಿಗಳನ್ನು ಮಾತ್ರವಲ್ಲ. ಕೈಯಲ್ಲಿರುವುದಕ್ಕೆ ದಾರಿಯಲ್ಲಿರುವುದನ್ನು ಕೂಡಿಸಿ, ದುಡ್ಡು ಕೊಟ್ಟು ನಾಳೆ ಒಯ್ಯುತ್ತೇನೆ ಎಂದವರ ಗೋಣಿಗಳನ್ನು ಕಳೆಯಿರಿ. ಗೋದಾಮಿನಲ್ಲಿ 90 ಇದ್ದು, 150 ದಾರಿಯಲ್ಲಿದ್ದು, 10 ಹೀಗೆ ದುಡ್ಡು ಕೊಟ್ಟವರದ್ದಾಗಿದ್ದರೆ ಲೆಕ್ಕ 230. ಆರ್ಡರ್ ಕೊಡಬೇಕಿಲ್ಲ. ಕಾಣುವ 90ನ್ನು ಮಾತ್ರ ನೋಡಿ ಗಾಬರಿಯಿಂದ ಇನ್ನೊಂದು ಲೋಡು ಹೇಳಿದರೆ ಒಂದೇ ವಾರದಲ್ಲಿ 300 ಗೋಣಿ ಬಂದು ಬೀಳುತ್ತದೆ.

ಈ ಲೆಕ್ಕವನ್ನು ದಿನಾ ಸಂಜೆ ನೋಡಬೇಕು. ಶನಿವಾರಕ್ಕೊಮ್ಮೆ ನೋಡುವ ರೂಢಿಯಾದರೆ ಸೋಮವಾರವೇ 100ರ ಕೆಳಗಿಳಿದದ್ದು ಶನಿವಾರದವರೆಗೆ ತಿಳಿಯುವುದಿಲ್ಲ. ಅಷ್ಟರಲ್ಲಿ ಐದು ದಿನದ 60 ಗೋಣಿ ಹೋಗಿರುತ್ತದೆ, ಇಡೀ ಸೇಫ್ಟಿ ಸ್ಟಾಕಿಗಿಂತ ಹೆಚ್ಚು. ದಿನಾ ನೋಡಲು ಆಗುವುದೇ ಇಲ್ಲವಾದರೆ ನೋಡದ ದಿನಗಳನ್ನೂ ಕಾಯುವ ದಿನಗಳಿಗೆ ಸೇರಿಸಿಕೊಂಡು ಮಟ್ಟ ಹಾಕಿ.

ಅಟ್ಟಿಯ ವಿಷಯ. ಸರಾಸರಿಯಲ್ಲಿ ಹೊಸ ಲಾರಿ ಬರುವಾಗ 40 ಗೋಣಿ ಉಳಿದಿರುತ್ತದೆ. ಹೊಸದನ್ನು ಅದರ ಮೇಲೆಯೇ ಏರಿಸಿದರೆ ಆ 40ರಲ್ಲಿ ಹೆಚ್ಚಿನವು ತಿಂಗಳುಗಟ್ಟಲೆ ಕೆಳಗೇ ಕೂರುತ್ತವೆ. ಆಟಿಯ ಮಳೆಯಲ್ಲಿ ತೇವ ಹಿಡಿದ ಹಿಂಡಿಯನ್ನು ದನಕ್ಕೆ ಹಾಕುವ ಹಾಗಿಲ್ಲ. ಹಳೆಯದನ್ನು ಮುಂದಕ್ಕೆ ಎಳೆದು, ಹೊಸದನ್ನು ಹಿಂದೆ, ಮರದ ಹಲಗೆಯ ಮೇಲೆ ಇಡಿಸಿ. ಇಳಿಸುವವರು ಹೋಗುವ ಮೊದಲೇ ಹೇಳಬೇಕು, ಆಮೇಲೆ ಯಾರೂ ಮಾಡುವುದಿಲ್ಲ.

## ಹಂತ 7: ಲಾರಿ ಬಂದಾಗ ಉಳಿದದ್ದನ್ನು ಬರೆದಿಡಿ

ಪ್ರತಿ ಲಾರಿ ಬಂದಾಗ, ಇಳಿಸುವ ಮೊದಲು, ಎಷ್ಟು ಗೋಣಿ ಉಳಿದಿತ್ತು ಎಂದು ಒಂದು ಕಾಲಮ್ಮಿನಲ್ಲಿ ಬರೆಯಿರಿ. ಲೆಕ್ಕ ಸರಿ ಇದೆಯೇ ಎಂದು ಹೇಳುವ ಒಂದೇ ಸಂಖ್ಯೆ ಇದು.

ಅದು 40ರ ಆಚೀಚೆ ಓಡಾಡಬೇಕು. ಸುಮಾರು ಅರ್ಧ ಸಲ 40ಕ್ಕಿಂತ ಕಡಿಮೆ ಬರುವುದು ಸಹಜ. ಸೇಫ್ಟಿ ಸ್ಟಾಕಿಗೆ ಕೈ ಹಾಕಬೇಕಾಯಿತಲ್ಲ ಎಂದು ಪೇಚಾಡುವವರಿದ್ದಾರೆ, ಅದನ್ನು ಇಟ್ಟಿರುವುದೇ ಕೈ ಹಾಕಲಿಕ್ಕೆ. ಆದರೆ ಸತತವಾಗಿ 15, 10, 18 ಎಂದು ಬರುತ್ತಿದ್ದರೆ ದಿನದ ಸರಾಸರಿಯೋ ಕಾಯುವ ದಿನವೋ ಏರಿದೆ. ಬೇಸಗೆಯಲ್ಲಿ ಹಸಿ ಹುಲ್ಲು ಕಡಿಮೆಯಾಗಿ ಹಿಂಡಿಯ ಬೇಡಿಕೆ ಹೆಚ್ಚಿದಾಗ ಹೀಗಾಗುತ್ತದೆ, ಆಗ ಹಂತ 1ರಿಂದ ಹೊಸದಾಗಿ ಲೆಕ್ಕ ಹಾಕಿ. ಹತ್ತು ಲಾರಿಗಳಲ್ಲಿ ಒಮ್ಮೆಯೂ 40ಕ್ಕಿಂತ ಕೆಳಗೆ ಇಳಿಯದಿದ್ದರೆ ದುಡ್ಡು ಸುಮ್ಮನೆ ಗೋಣಿಯಲ್ಲಿ ಕೂತಿದೆ.

ಇನ್ನೊಂದು ಸೂಚನೆ ಹೆಚ್ಚು ಅಪಾಯದ್ದು. ತಡವಾದ ಲಾರಿಗಳ ಎದುರು ಆ ದಿನಗಳ ಮಾರಾಟವನ್ನೂ ನೋಡಿ. ದರ ಏರುತ್ತದೆ ಎಂಬ ಸುದ್ದಿ ಹಬ್ಬಿದಾಗ ಗಿರಾಕಿಗಳು ಎರಡೆರಡು ಗೋಣಿ ಒಯ್ಯುತ್ತಾರೆ, ಅದೇ ಕಾರಣಕ್ಕೆ ಎಲ್ಲ ಅಂಗಡಿಗಳೂ ಒಟ್ಟಿಗೆ ಆರ್ಡರ್ ಕೊಟ್ಟು ಸಗಟು ವ್ಯಾಪಾರಿಯಲ್ಲಿ ಮಾಲು ಸಾಲುವುದಿಲ್ಲ. ತಡ ಮತ್ತು ಬೇಡಿಕೆ ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯುತ್ತವೆ ಎಂಬುದು ಸೂತ್ರದ ಆಧಾರ. ಅವು ಕೈಕೈ ಹಿಡಿದು ಏರುತ್ತಿದ್ದರೆ 40 ಸಾಲದು. ಹಂತ 3ರಲ್ಲಿ ತಪ್ಪು ಎಂದ ಆ 52 ಆಗ ನಿಜಕ್ಕೆ ಹತ್ತಿರ.

## ಈ ಲೆಕ್ಕ ಹಾಕಬಾರದ ಮಾಲು

ಅದೇ ಅಂಗಡಿಯಲ್ಲಿ ಮೈಲುತುತ್ತೂ ಇದೆ. ಧಣಿ ಅದಕ್ಕೂ ಇದೇ ಏಳು ಸಾಲು ಹಾಕಿಸಿದ್ದರು. ಅಡಿಕೆಗೆ ಬೋರ್ಡೋ ಮದ್ದು ಬಿಡುವುದು ಮಳೆ ಹಿಡಿಯುವ ಮೊದಲೊಮ್ಮೆ, ಆಮೇಲೆ ಮಳೆಗಾಲದ ನಡುವೆ ಬಿಸಿಲು ಬಿಟ್ಟಾಗ ಇನ್ನೊಮ್ಮೆ. ವರ್ಷದ ಮಾರಾಟವೆಲ್ಲ ಕೆಲವೇ ವಾರಗಳಲ್ಲಿ ಆಗುವ ಮಾಲಿಗೆ ದಿನದ ಸರಾಸರಿ ಎಂಬುದೇ ಇಲ್ಲ. ಸೂತ್ರ ಕೊಟ್ಟ ಸಂಖ್ಯೆ ಜನವರಿಗೆ ವಿಪರೀತ, ಮೇ ಕೊನೆಗೆ ಏನೇನೂ ಸಾಲದು. ಅಂಥದ್ದಕ್ಕೆ ಯಾವ ತೋಟಕ್ಕೆ ಎಷ್ಟು ಬ್ಯಾರಲ್ ಮದ್ದು ಹೋಗುತ್ತದೆ ಎಂದು ಗಿರಾಕಿಗಳನ್ನೇ ಕೇಳಿ ಬರೆದುಕೊಳ್ಳಬೇಕು. ಒಂದು ಶೇಕಡಾ ದ್ರಾವಣಕ್ಕೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು ಬೇಕು, ಅಲ್ಲಿಂದ ಗುಣಿಸಿ ಹಂಗಾಮಿನ ಖರೀದಿಯನ್ನು ಏಪ್ರಿಲಿನಲ್ಲೇ ಮಾಡಿಡಬೇಕು.